ಮುಂದಿನ ಬಾಗಿಲು ಕಾಣುವಲ್ಲಿ ಶಾಟ್ ಮುಗಿಸಿ

ಪ್ರಶ್ನೆ: ಮೈಸೂರಿನಲ್ಲಿ ಮಾರಾಟಕ್ಕಿರುವ ಮನೆಗಳ ವಿಡಿಯೊ ಮಾಡಿಕೊಡ್ತೀನಿ. ಮೊಬೈಲು, ಗಿಂಬಲ್ ಇದೆ, ಚಿತ್ರ ಚೆನ್ನಾಗೇ ಬರುತ್ತೆ. ಗೇಟಿನಿಂದ ತಾರಸಿವರೆಗೆ ನಡ್ಕೊಂಡೇ ಎಲ್ಲಾ ತೋರಿಸ್ತೀನಿ. ಆದರೂ ನೋಡೋರು ಎರಡು ನಿಮಿಷ ದಾಟೋಷ್ಟರಲ್ಲಿ ಬಿಟ್ಟು ಹೋಗ್ತಾರೆ. ಯಾವ ರೂಮು ಮೊದಲು, ಯಾವುದು ಆಮೇಲೆ? ಎಷ್ಟೆಷ್ಟು ತೋರಿಸಬೇಕು? ಶಾಟ್ ಲಿಸ್ಟ್ ಬರೆಯೋದು ಹೇಗೆ?

ಉತ್ತರ: ಮೊದಲು ಒಂದು ಲೆಕ್ಕ ಹಾಕಿ. ಎರಡು ಮಹಡಿಯ ಮನೆಯಲ್ಲಿ ಕಡಿಮೆಯೆಂದರೂ ಒಂಬತ್ತು ಸಲ ಬಾಗಿಲು ದಾಟುತ್ತೀರಿ. ಒಂದೊಂದು ಸಲಕ್ಕೂ ನಾಲ್ಕೈದು ಸೆಕೆಂಡು ಬರೀ ಬಾಗಿಲ ಚೌಕಟ್ಟು, ಖಾಲಿ ಗೋಡೆ, ಹೊಳಪು ಏರಿಳಿಯುವ ಚಿತ್ರ. ಒಟ್ಟು 40 ಸೆಕೆಂಡು ನೋಡುವವರಿಗೆ ಏನೂ ಸಿಗುವುದಿಲ್ಲ. ಮೆಟ್ಟಿಲು ಹತ್ತುವುದನ್ನು ಪೂರ್ತಿ ಇಟ್ಟುಕೊಂಡರೆ ಅದಕ್ಕೆ ಇನ್ನೂ 15 ಸೆಕೆಂಡು. ನೀವು ಹೇಳುವ ಎರಡನೇ ನಿಮಿಷದ ಹೊತ್ತಿಗೆ ಸಾಮಾನ್ಯವಾಗಿ ಏನಿರುತ್ತದೆ ನೋಡಿ: ಕೆಳಗಿನ ಬೆಡ್‌ರೂಮ್, ಕಾಮನ್ ಬಾತ್‌ರೂಮ್, ಮೆಟ್ಟಿಲು. ಸಪ್ಪೆಯಾದ ಮೂರು ಒಂದರ ಹಿಂದೊಂದು ಬಂದು ಕೂತಿವೆ. ಕೋಣೆಗಳ ಸರದಿಯನ್ನು ಮನೆ ಕಟ್ಟಿದವರು ಆಗಲೇ ನಿರ್ಧರಿಸಿಬಿಟ್ಟಿದ್ದಾರೆ, ಅದನ್ನು ನೀವು ಹೆಚ್ಚು ಕದಲಿಸಲಾಗದು. ಯಾವುದಕ್ಕೆ ಎಷ್ಟು ಹೊತ್ತು, ಎಲ್ಲಿಂದ ನೋಡುವುದು, ಎಲ್ಲಿ ಕತ್ತರಿಸುವುದು, ಇಷ್ಟು ಮಾತ್ರ ನಿಮ್ಮ ಕೈಲಿದೆ.

ಒಂದು ಮನೆಯನ್ನೇ ಹಿಡಿದು ನೋಡೋಣ. 30×40 ಸೈಟು, ಪೂರ್ವದ ರಸ್ತೆ, 3 ಬಿಎಚ್‌ಕೆ ಡ್ಯೂಪ್ಲೆಕ್ಸ್. ಈಶಾನ್ಯದಲ್ಲಿ ಕಾರು ನಿಲ್ಲುವ ಜಾಗ. ಮುಂಬಾಗಿಲು ಪೂರ್ವಕ್ಕೆ. ಒಳಗೆ ಕಾಲಿಟ್ಟರೆ ಎದುರಿಗೆ ಹಾಲ್, ಬಲಕ್ಕೆ ಹತ್ತಿರದಲ್ಲೇ ದೇವರ ಮನೆ, ಎಡಕ್ಕೆ ಆಗ್ನೇಯದಲ್ಲಿ ಅಡುಗೆಮನೆ, ಅದರ ಪಕ್ಕ ಯುಟಿಲಿಟಿ. ಅಡುಗೆಮನೆಯಿಂದ ಪಶ್ಚಿಮಕ್ಕೆ ಡೈನಿಂಗ್, ಅದರಾಚೆ ನೈಋತ್ಯದಲ್ಲಿ ಕೆಳಗಿನ ಬೆಡ್‌ರೂಮ್. ವಾಯವ್ಯದಲ್ಲಿ ಮೆಟ್ಟಿಲು. ಮೇಲೆ ಹೋದರೆ ಚಿಕ್ಕ ಲೌಂಜ್, ನೈಋತ್ಯದಲ್ಲಿ ಮಾಸ್ಟರ್ ಬೆಡ್‌ರೂಮ್, ಆಗ್ನೇಯದಲ್ಲಿ ಮಕ್ಕಳ ರೂಮು, ರಸ್ತೆ ಕಡೆಗೆ ಬಾಲ್ಕನಿ. ಅದರ ಮೇಲೆ ತಾರಸಿ. ನಮ್ಮ ಊರುಗಳಲ್ಲಿ ಮಾರಾಟಕ್ಕೆ ಬರುವ ಪೂರ್ವದಿಕ್ಕಿನ ಮನೆಗಳಲ್ಲಿ ಬಹಳಷ್ಟು ಹೆಚ್ಚುಕಡಿಮೆ ಹೀಗೇ ಇರುತ್ತವೆ. ಈ ಮನೆಗೆ ನಾಲ್ಕು ನಿಮಿಷ 20 ಸೆಕೆಂಡು ಸಾಕು.

ಲಿಸ್ಟಿನಲ್ಲಿ ಯಾವ ಕಾಲಂ ಇರಬೇಕು

"ಹಾಲ್, ಕಿಚನ್, ಬೆಡ್‌ರೂಮ್ 1, ಬೆಡ್‌ರೂಮ್ 2" ಎಂದು ಬರೆದುಕೊಂಡರೆ ಅದು ಕೋಣೆಗಳ ಪಟ್ಟಿಯಾಯಿತೇ ಹೊರತು ಶಾಟ್ ಲಿಸ್ಟ್ ಆಗಲಿಲ್ಲ. ಪ್ರತಿ ಸಾಲಿಗೂ ಐದು ವಿಷಯ ಬರೆಯಿರಿ: ಎಲ್ಲಿ ನಿಲ್ಲಬೇಕು, ಯಾವ ಕಡೆ ನೋಡಬೇಕು, ಯಾವುದರ ಮೇಲೆ ಮುಗಿಯಬೇಕು, ಎಷ್ಟು ಸೆಕೆಂಡು, ಕೊಳ್ಳುವವರ ಯಾವ ಪ್ರಶ್ನೆಗೆ ಉತ್ತರ. ಇದರಲ್ಲಿ ಮೂರನೆಯದೇ ಇಡೀ ವಿಡಿಯೊವನ್ನು ಹೊಲಿಯುವ ದಾರ. ಒಂದು ಕೋಣೆಯ ಕೊನೆಯ ಶಾಟ್ ಮುಂದಿನ ಕೋಣೆಯ ಬಾಗಿಲು ಕಾಣುವಂತೆ ನಿಲ್ಲಬೇಕು. ಮುಂದಿನ ಶಾಟ್ ಆ ಬಾಗಿಲಿನಿಂದ ಎರಡು ಅಡಿ ಒಳಗಿನಿಂದಲೇ ಶುರುವಾಗಬೇಕು. ನಡುವಿನ ನಡಿಗೆ ಬೇಕಾಗುವುದೇ ಇಲ್ಲ, ನೋಡುವವರ ತಲೆಯಲ್ಲಿ ಮನೆಯ ನಕ್ಷೆ ತಾನಾಗಿ ಕೂತುಕೊಳ್ಳುತ್ತದೆ. ಈ ದಾರ ತಪ್ಪಿದರೆ "ಇದು ಯಾವ ರೂಮು, ಕೆಳಗಿನದಾ ಮೇಲಿನದಾ?" ಎಂಬ ಗೊಂದಲ ಹುಟ್ಟುತ್ತದೆ. ಗೊಂದಲವಾದವರು ಹಿಂದಕ್ಕೆ ಸರಿಸಿ ಹುಡುಕುವುದು ಕಡಿಮೆ, ಬಿಟ್ಟು ಹೋಗುವುದೇ ಹೆಚ್ಚು.

ಕೊನೆಯ ಕಾಲಂ ಕಸ ಗುಡಿಸುವುದಕ್ಕೆ. ಸ್ವಿಚ್‌ಬೋರ್ಡು, ಬಾಗಿಲ ಹಿಡಿ, ಫಾಲ್ಸ್ ಸೀಲಿಂಗಿನ ದೀಪ, ಇವನ್ನು ಚಂದ ಕಂಡವೆಂದು ಪ್ರತಿ ಕೋಣೆಯಲ್ಲೂ ತೆಗೆಯುವ ಚಟ ಎಲ್ಲರಿಗೂ ಇರುತ್ತದೆ. ಆ ಕಾಲಂನಲ್ಲಿ ಬರೆಯಲು ಏನೂ ತೋಚದಿದ್ದರೆ ಶಾಟ್ ಹೊಡೆದುಹಾಕಿ. ಅದೇ ಕಿಟಕಿಯ ಸೊಳ್ಳೆ ಪರದೆಯನ್ನು ಎಳೆದು ಮುಚ್ಚುವ ನಾಲ್ಕು ಸೆಕೆಂಡು ಉಳಿಯುತ್ತದೆ, ಏಕೆಂದರೆ ಅದನ್ನು ಜನ ನಿಜವಾಗಿಯೂ ಕೇಳುತ್ತಾರೆ.

ಮೊದಲ 14 ಸೆಕೆಂಡು

ಲೋಗೊ, ಸಂಗೀತ, "ನಮಸ್ಕಾರ ಸ್ನೇಹಿತರೇ, ಸಬ್‌ಸ್ಕ್ರೈಬ್ ಮಾಡಿ" ಎಲ್ಲ ಸೇರಿ 20 ಸೆಕೆಂಡು ತಿಂದರೆ ಮನೆ ಕಾಣುವ ಮೊದಲೇ ಅರ್ಧ ಜನ ಖಾಲಿ. ಇಲ್ಲಿ ಮೂರೇ ಶಾಟ್ ಇಡಿ. ಒಂದು, ಈ ಮನೆಯ ಅತ್ಯುತ್ತಮ ಜಾಗದ ಒಂದು ಅಂಶ, ನಾಲ್ಕು ಸೆಕೆಂಡು. ನಮ್ಮ ಮನೆಯಲ್ಲಿ ಅದು ಯುಟಿಲಿಟಿ ಬಾಗಿಲು ತೆರೆದು ಬೆಳಕು ಅಡುಗೆಮನೆಗೆ ಬರುವ ದೃಶ್ಯ ಎಂದಿಟ್ಟುಕೊಳ್ಳಿ. ಎರಡು, ತಾರಸಿಯಿಂದ ಸಂಜೆಯ ನೋಟ, ನಾಲ್ಕು ಸೆಕೆಂಡು. ಮೂರು, ಮನೆಯ ಮುಂಭಾಗ, ಆರು ಸೆಕೆಂಡು. ಅದರ ಮೇಲೆ ಬಡಾವಣೆ, 30×40, ಪೂರ್ವ, 3 ಬಿಎಚ್‌ಕೆ, ಬೆಲೆ, ಎಲ್ಲವೂ ಅಕ್ಷರದಲ್ಲಿ. ಮೊದಲೆರಡು ಶಾಟ್‌ಗಳನ್ನು ಮುಂದೆ ಅದೇ ಕೋನದಿಂದ ಮತ್ತೆ ಬಳಸಬೇಡಿ. "ಇದು ನೋಡಿದ್ದೇ" ಅನ್ನಿಸಿದರೆ ನೀವು ಕಾದಿಟ್ಟ ಜಾಗಕ್ಕೆ ಬೆಲೆ ಇರುವುದಿಲ್ಲ. ಅದಕ್ಕೇ ಇಲ್ಲಿ ಕಾಣುವುದು ಆ ಜಾಗದ ಒಂದು ತುಂಡು ಮಾತ್ರ, ಪೂರ್ತಿ ನೋಟ ಅಲ್ಲ.

ಬೆಲೆಯನ್ನು ಕೊನೆಗೆ ಇಟ್ಟರೆ ಜನ ಕೊನೆಯವರೆಗೆ ನೋಡುತ್ತಾರೆ ಎಂಬ ನಂಬಿಕೆ ಈ ವೃತ್ತಿಯಲ್ಲಿ ಗಟ್ಟಿಯಾಗಿದೆ. ಅವರು ನೋಡುವುದಿಲ್ಲ, ಬೆರಳಿನಿಂದ ಎಳೆದು ಕೊನೆಗೆ ಹೋಗುತ್ತಾರೆ. ಜನ ಎಲ್ಲಿಯವರೆಗೆ ನೋಡಿದರು ಎಂದು ತೋರಿಸುವ ಯೂಟ್ಯೂಬ್ ಗ್ರಾಫಿನಲ್ಲಿ ನಡುಭಾಗ ಇಳಿದು ಕೊನೆಯಲ್ಲಿ ಗೂಟದಂತೆ ಎದ್ದಿದ್ದರೆ ಹೀಗೇ ಆಗಿದೆ ಎಂದು ತಿಳಿಯಿರಿ. ಮಾಲೀಕರು ಬೆಲೆ ಬೇಡವೇ ಬೇಡ ಎಂದರೆ ಎಲ್ಲಿಯೂ ಹಾಕಬೇಡಿ, "ಕೊನೆಯಲ್ಲಿ ಹೇಳ್ತೀನಿ" ಅನ್ನಬೇಡಿ.

ರಸ್ತೆಯಿಂದ ಹಾಲ್‌ವರೆಗೆ

ಹೊರಗೆ 26 ಸೆಕೆಂಡು. ರಸ್ತೆ ಎಷ್ಟು ಅಗಲ ಎಂಬುದು ರಸ್ತೆಯ ಉದ್ದಕ್ಕೆ ನೋಡುವ ಒಂದು ಶಾಟಿನಲ್ಲಿ ಕಾಣಬೇಕು, ಪಕ್ಕದ ಮನೆಗಳು ಕಾಣಬೇಕು. ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿಯೇ ತೆಗೆಯಿರಿ, ಖಾಲಿ ನೆಲ ನೋಡಿ ಯಾರಿಗೂ ಅಳತೆ ಸಿಗುವುದಿಲ್ಲ. ಸಂಪಿನ ಮುಚ್ಚಳ ಕಾಣುವ ಶಾಟಿನ ಮೇಲೆ ಅದೆಷ್ಟು ಲೀಟರ್, ನಲ್ಲಿ ನೀರೋ ಬೋರ್‌ವೆಲ್ಲೋ ಎಂದು ಬರೆದರೆ ಒಂದು ದೊಡ್ಡ ಪ್ರಶ್ನೆ ಅಲ್ಲೇ ಮುಗಿಯಿತು. ಕೊನೆಯ ಶಾಟ್ ಮುಂಬಾಗಿಲ ಮೇಲೆ ನಿಲ್ಲಲಿ.

ನಡೆದು ದಾಟುವ ಶಾಟ್ ಇಡೀ ವಿಡಿಯೊದಲ್ಲಿ ಮೂರೇ ಕಡೆ ಇರಲಿ: ಹೊಸ್ತಿಲು, ಮೆಟ್ಟಿಲು, ತಾರಸಿಗೆ ಹೊರಬರುವ ಬಾಗಿಲು. ಈ ಮೂರರಲ್ಲಿ ಮಾತ್ರ ಜಾಗ ಬದಲಾಗುವ ಅನುಭವವೇ ಒಂದು ವಿಷಯ. ಉಳಿದ ಬಾಗಿಲುಗಳಲ್ಲಿ ಕಟ್ ಮಾಡಿ.

ಹಾಲ್ ಮತ್ತು ದೇವರ ಮನೆ ಸೇರಿ 35 ಸೆಕೆಂಡು. ಇದನ್ನು ಸಾಲುಸಾಲಾಗಿ ಹೇಳುತ್ತೇನೆ, ಉಳಿದ ಕೋಣೆಗಳಿಗೆ ಇದೇ ಅಚ್ಚು. 3ಎ, ಹೊಸ್ತಿಲು ದಾಟಿ ಒಳಗೆ ನಡೆಯುವುದು, 8 ಸೆಕೆಂಡು. 3ಬಿ, ಬಾಗಿಲ ಪಕ್ಕ ನಿಂತು ಪಶ್ಚಿಮಕ್ಕೆ ನೋಡುವ ಅಗಲ ಶಾಟ್, ಬಂದವರ ಕಣ್ಣಿಗೆ ಕಾಣುವ ಹಾಲ್, 8 ಸೆಕೆಂಡು. 3ಸಿ, ಕಿಟಕಿಯ ಪರದೆ, 4 ಸೆಕೆಂಡು. 3ಡಿ, ದೇವರ ಮನೆಯ ಬಾಗಿಲು ತೆರೆದು ಒಳಗಿನ ಕಟ್ಟೆ, 6 ಸೆಕೆಂಡು. 3ಇ, ಪಶ್ಚಿಮದ ಗೋಡೆಗೆ ಬೆನ್ನು ಕೊಟ್ಟು ಪೂರ್ವಕ್ಕೆ ತಿರುಗಿ ನಿಂತು, ಎಡಕ್ಕಿರುವ ದೇವರ ಮನೆಯಿಂದ ಶುರುಮಾಡಿ ಮುಂಬಾಗಿಲನ್ನು ದಾಟಿ ಬಲಕ್ಕಿರುವ ಅಡುಗೆಮನೆಯ ಮೇಲೆ ಮುಗಿಯುವ ಪ್ಯಾನ್, 9 ಸೆಕೆಂಡು.

ಈ 3ಇ ಎಂಬ ಹಿಮ್ಮುಖ ಶಾಟ್ ಬಹಳ ವಿಡಿಯೊಗಳಲ್ಲಿ ಇರುವುದೇ ಇಲ್ಲ. ಒಳಗೆ ಬಂದ ಬಾಗಿಲನ್ನು ಒಳಗಿನಿಂದ ಒಮ್ಮೆ ನೋಡಿದಾಗಲೇ ಜನಕ್ಕೆ ಎಡ ಬಲ ತಿಳಿಯುವುದು, ವಾಸ್ತು ನೋಡುವವರು ದಿಕ್ಕು ಲೆಕ್ಕ ಹಾಕುವುದೂ ಅಲ್ಲೇ. ದೇವರ ಮನೆಯ ಒಳಗನ್ನು ಮೊದಲೇ ತೋರಿಸಿ, ಆಮೇಲೆ ಪ್ಯಾನನ್ನು ಅಲ್ಲಿಂದಲೇ ಎತ್ತಿಕೊಂಡಿದ್ದರಿಂದ ದಾರ ಎಲ್ಲಿಯೂ ಕಡಿಯಲಿಲ್ಲ. ಪ್ಯಾನ್ ವೇಗಕ್ಕೆ ಒಂದು ಹಳೆಯ ಅಳತೆ ಇದೆ: ಒಂದು ವಸ್ತು ಚೌಕಟ್ಟಿನ ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗಲು ಸುಮಾರು ಏಳು ಸೆಕೆಂಡು ಹಿಡಿಯಬೇಕು. ಅದಕ್ಕಿಂತ ಜೋರಾದರೆ ಚಿತ್ರ ತಡವರಿಸುತ್ತದೆ, ನೋಡುವವರಿಗೆ ಏನೂ ದಕ್ಕುವುದಿಲ್ಲ.

ಅಡುಗೆಮನೆಗೆ ಹೆಚ್ಚು ಹೊತ್ತು

ಇಲ್ಲಿ 45 ಸೆಕೆಂಡು, ಇಡೀ ವಿಡಿಯೊದಲ್ಲೇ ಹೆಚ್ಚು. ಬೇರೆ ಕೋಣೆಗಳು ನೋಡುವುದಕ್ಕೆ, ಇದು ಕೆಲಸ ಮಾಡುವುದಕ್ಕೆ. ನೋಡುವವರು ಮನಸ್ಸಿನಲ್ಲೇ ಅಲ್ಲಿ ನಿಂತು ಒಲೆ ಎಲ್ಲಿ, ಸಿಂಕ್ ಎಷ್ಟು ದೂರ, ಗ್ರೈಂಡರ್ ಎಲ್ಲಿಡಲಿ ಎಂದು ಲೆಕ್ಕ ಹಾಕುತ್ತಿರುತ್ತಾರೆ. ಆದ್ದರಿಂದ ಅಗಲ ಶಾಟಿನಲ್ಲಿ ಒಲೆ, ಸಿಂಕ್, ಫ್ರಿಜ್ಜಿನ ಜಾಗ ಮೂರೂ ಒಟ್ಟಿಗೆ ಬರಬೇಕು. ಉಳಿದ ಕೋಣೆಗಳಲ್ಲಿ ಕ್ಯಾಮೆರಾ ನೆಲದಿಂದ ನಾಲ್ಕು ಅಡಿ ಚಿಲ್ಲರೆ ಎತ್ತರದಲ್ಲಿದ್ದರೆ ಇಲ್ಲಿ ಐದು ಅಡಿಗೆ ಏರಿಸಿ, ಇಲ್ಲದಿದ್ದರೆ ಕಟ್ಟೆಯ ಮೇಲ್ಮೈ ಕಾಣದೆ ಬರೀ ಕಪಾಟಿನ ಬಾಗಿಲುಗಳೇ ಕಾಣುತ್ತವೆ. ಫೋನನ್ನು ಕೆಳಕ್ಕೆ ಬಾಗಿಸಬೇಡಿ, ನೆಟ್ಟಗೆ ಹಿಡಿದೇ ಎತ್ತರ ಬದಲಿಸಿ. ಬಾಗಿಸಿದರೆ ಗೋಡೆಗಳು ಓರೆಯಾಗುತ್ತವೆ, 0.5 ಲೆನ್ಸಿನಲ್ಲಂತೂ ಎದ್ದು ಕಾಣುತ್ತದೆ.

ಅಗಲ ಶಾಟಿನ ನಂತರ ಎರಡೇ ವಿವರ: ಪಾತ್ರೆಯ ಡ್ರಾಯರ್ ಎಳೆದು ಪೂರ್ತಿ ಹೊರಬರುವುದು, ನಲ್ಲಿ ತಿರುಗಿಸಿದಾಗ ನೀರಿನ ರಭಸ, ಅದರ ಸದ್ದು ಸಮೇತ. ವಿವರ ಯಾವಾಗಲೂ ಅಗಲ ಶಾಟಿನ ನಂತರವೇ ಬರಲಿ. ಎಲ್ಲಿದೆ ಎಂದು ತಿಳಿಯದ ಡ್ರಾಯರು ಯಾವ ಮನೆಯದೂ ಆಗಿರಬಹುದು. ಆಮೇಲೆ ಯುಟಿಲಿಟಿಯ ಬಾಗಿಲು. ಇಲ್ಲಿ ವಾಷಿಂಗ್ ಮೆಷೀನಿನ ಪಾಯಿಂಟು, ನೀರು ಹೋಗುವ ಜಾಲರಿ, ಪಾತ್ರೆ ತೊಳೆಯುವ ಸಿಂಕ್, ಗ್ಯಾಸ್ ಸಿಲಿಂಡರಿನ ಜಾಗ. ಯುಟಿಲಿಟಿ ತೋರಿಸದೆ ಮುಂದೆ ಹೋದರೆ ಕಾಮೆಂಟಿನಲ್ಲಿ ಬರುವ ಮೊದಲ ಪ್ರಶ್ನೆಯೇ ಅದು. ಕೊನೆಗೆ ಅಡುಗೆಮನೆಯ ಪೂರ್ವದ ಕಿಟಕಿಗೆ ಬೆನ್ನು ಹಾಕಿ ಪಶ್ಚಿಮಕ್ಕೆ ನೋಡಿ: ಡೈನಿಂಗ್, ಅದರ ಹಿಂದೆ ಬೆಡ್‌ರೂಮಿನ ಬಾಗಿಲು. ಆ ಬಾಗಿಲ ಮೇಲೆ ಮುಗಿಸಿ.

ಜನ ಎದ್ದು ಹೋಗುವ ಜಾಗ

ಈಗ ಬಂದೆವು ನಿಮ್ಮ ಎರಡನೇ ನಿಮಿಷಕ್ಕೆ. ಕೆಳಗಿನ ಬೆಡ್‌ರೂಮ್ ಮೇಲಿನದಕ್ಕಿಂತ ಚಿಕ್ಕದು, ಬೆಳಕೂ ಕಡಿಮೆ. ಅದನ್ನು ಬೆಡ್‌ರೂಮ್ ಎಂದೇ ತೋರಿಸಿದರೆ ಸೋಲುತ್ತದೆ, ವಯಸ್ಸಾದ ಅಪ್ಪ ಅಮ್ಮನ ರೂಮು ಎಂದು ತೋರಿಸಿದರೆ ಅದೇ ಕೆಲವರಿಗೆ ಮನೆ ಕೊಳ್ಳುವ ಕಾರಣವಾಗುತ್ತದೆ. ಆಗ ವಿವರಗಳೂ ಬದಲಾಗುತ್ತವೆ. ವಾರ್ಡ್‌ರೋಬಿನ ಬದಲು ಬಾತ್‌ರೂಮಿಗೆ ಎಷ್ಟು ಹೆಜ್ಜೆ, ನಡುವೆ ಮೆಟ್ಟಿಲು ಇದೆಯೇ, ನೆಲದ ಟೈಲ್ಸ್ ಜಾರದ್ದೇ, ಹಿಡಿದುಕೊಳ್ಳಲು ಕಂಬಿ ಇದೆಯೇ, ಇದನ್ನು ತೋರಿಸಿ. ಇಲ್ಲದ್ದನ್ನು ಇದೆ ಎನ್ನಬೇಡಿ, ಬಂದು ನೋಡಿದ ದಿನ ಮಾತು ಕೆಡುತ್ತದೆ. ಒಟ್ಟು 22 ಸೆಕೆಂಡು. ಬಾತ್‌ರೂಮಿಗೆ ಅದರಲ್ಲಿ ಎಂಟು ಮಾತ್ರ, ಬಾಗಿಲಿನಿಂದಲೇ ಒಂದು ಓರೆ ಶಾಟ್. ಕನ್ನಡಿಗೆ ನೇರ ನಿಂತರೆ ನೀವೇ ಕಾಣುತ್ತೀರಿ.

ಮೆಟ್ಟಿಲಿಗೆ 8 ಸೆಕೆಂಡು: ಕೆಳಗಿನ ಮೂರು ನಾಲ್ಕು ಮೆಟ್ಟಿಲು, ಕಟ್, ಮೇಲಿನ ಕೊನೆಯ ಮೂರು ಮೆಟ್ಟಿಲಿನಿಂದ ಲೌಂಜ್ ತೆರೆದುಕೊಳ್ಳುವುದು.

ಮೇಲಿನ ಮಹಡಿಯಲ್ಲಿ ನೆನಪಿಡಬೇಕಾದ್ದು ಒಂದೇ, ಎರಡು ಸಪ್ಪೆ ಕೋಣೆ ಅಕ್ಕಪಕ್ಕ ಬರಬಾರದು. ಲೌಂಜ್ 15 ಸೆಕೆಂಡು, ಮಾಸ್ಟರ್ 35, ಮಕ್ಕಳ ರೂಮು 12, ಬಾಲ್ಕನಿ 16. ಮಕ್ಕಳ ರೂಮನ್ನು ಮೊದಲು ಮುಗಿಸಿ ಮಾಸ್ಟರನ್ನು ಕೊನೆಗಿಡೋಣ ಎಂದು ಅನಿಸುತ್ತದೆ, ಆದರೆ ಆಗ ಮೆಟ್ಟಿಲು, ಲೌಂಜ್, ಮಕ್ಕಳ ರೂಮು ಸಾಲಾಗಿ ಬಂದು 35 ಸೆಕೆಂಡು ಬರಡಾಗುತ್ತದೆ. ಮಾಸ್ಟರ್ ಮತ್ತು ಬಾಲ್ಕನಿಯ ನಡುವೆ ಸಿಕ್ಕಿಕೊಂಡ ಚಿಕ್ಕ ರೂಮು ಯಾರಿಗೂ ಭಾರವಾಗುವುದಿಲ್ಲ. ಅದೃಷ್ಟಕ್ಕೆ ನಡೆಯುವ ದಾರಿಯೂ ಹೀಗೇ ಇದೆ. ಹಾಗಿಲ್ಲದ ಮನೆಯಲ್ಲಿ ಸರದಿ ಬದಲಿಸುವುದಾದರೆ ಲೌಂಜಿನಲ್ಲಿ ನಿಂತು ಎರಡೂ ಬಾಗಿಲು ಒಂದೇ ಚೌಕಟ್ಟಿನಲ್ಲಿ ಬರುವ ಶಾಟ್ ಮೊದಲು ಹಾಕಿ, ಆಮೇಲೆ ಯಾವುದಕ್ಕೆ ಬೇಕಾದರೂ ಹೋಗಬಹುದು.

ತಾರಸಿಗೆ 32 ಸೆಕೆಂಡು. ಸೋಲಾರ್, ಟ್ಯಾಂಕು, ಬಟ್ಟೆ ಒಣಗಿಸುವ ಜಾಗ, ಸುತ್ತಲ ನೋಟ, ಕೊನೆಗೆ ದೀಪ ಹಚ್ಚಿದ ಮುಂಭಾಗ. ಖಾತಾ, ಸಾಲದ ಸೌಲಭ್ಯ, ಸಂಪರ್ಕ ಎಲ್ಲ ಈ ಕೊನೆಯ ಶಾಟಿನ ಮೇಲೆ.

ತೋರಿಸುವ ಸರದಿ ಬೇರೆ, ತೆಗೆಯುವ ಸರದಿ ಬೇರೆ

ಪೂರ್ವಕ್ಕೆ ಮುಖ ಮಾಡಿದ ಮನೆಯ ಮುಂಭಾಗಕ್ಕೆ ಬಿಸಿಲು ಬೀಳುವುದು ಬೆಳಿಗ್ಗೆ, ಆದ್ದರಿಂದ ಅದು ಎಂಟು ಗಂಟೆಗೆ. ಅಡುಗೆಮನೆಯ ಅಗಲ ಶಾಟ್ ಪೂರ್ವದ ಕಿಟಕಿಯನ್ನೇ ನೋಡುತ್ತದೆ, ಬೆಳಿಗ್ಗೆ ತೆಗೆದರೆ ಕಿಟಕಿ ಬೆಳ್ಳಗೆ ಉರಿದು ಕಟ್ಟೆ ಕಪ್ಪಾಗುತ್ತದೆ. ಹನ್ನೊಂದರ ನಂತರ ಬಿಸಿಲು ಮೇಲೇರಿದ ಮೇಲೆ ತೆಗೆಯಿರಿ. ನೈಋತ್ಯದ ಮಾಸ್ಟರಿಗೆ ಮಧ್ಯಾಹ್ನ ಮೂರರ ಹೊತ್ತು ಒಳ್ಳೆಯದು. ಹೊಸ್ತಿಲು ದಾಟುವ ಶಾಟನ್ನೂ ಮಧ್ಯಾಹ್ನಕ್ಕೇ ಇಟ್ಟುಕೊಳ್ಳಿ. ಆಗ ಮುಂಭಾಗ ನೆರಳಿನಲ್ಲಿರುವುದರಿಂದ ಹೊರಗಿನ ಮತ್ತು ಒಳಗಿನ ಬೆಳಕಿನ ಅಂತರ ಕಡಿಮೆ, ಒಳಗೆ ಕಾಲಿಟ್ಟಾಗ ಚಿತ್ರ ಗಪ್ಪನೆ ಕತ್ತಲಾಗುವುದಿಲ್ಲ. ಬೆಳಗಿನ ಮುಂಭಾಗಕ್ಕೂ ಮಧ್ಯಾಹ್ನದ ಹೊಸ್ತಿಲಿಗೂ ನಡುವೆ ಸೂರಿರುವ ಪಾರ್ಕಿಂಗ್ ಇರುವುದರಿಂದ ನೆರಳಿನ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ದೀಪದ ಮುಂಭಾಗ ಸೂರ್ಯ ಮುಳುಗಿದ ಹದಿನೈದಿಪ್ಪತ್ತು ನಿಮಿಷದೊಳಗೆ, ಆಮೇಲೆ ಆಕಾಶ ಕಪ್ಪಾಗಿಬಿಡುತ್ತದೆ.

ಆದ್ದರಿಂದ ನಂಬರು ತೋರಿಸುವ ಸರದಿಯಲ್ಲೇ ಇರಲಿ, ಹಾಳೆಯನ್ನು ಮಾತ್ರ ಹೊತ್ತಿನ ಪ್ರಕಾರ ಮರುಜೋಡಿಸಿ ಇನ್ನೊಂದು ಪ್ರತಿ ಮಾಡಿಕೊಳ್ಳಿ. ಪ್ರತಿ ಶಾಟಿನ ಮೊದಲೂ ಕೊನೆಗೂ ಎರಡು ಸೆಕೆಂಡು ಅಲುಗದೆ ನಿಲ್ಲಿ, ಕತ್ತರಿಸುವಾಗ ಅದೇ ಕೈಹಿಡಿಯುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಶಟರ್ 1/50 ಅಥವಾ 1/100ರಲ್ಲಿ ಕಟ್ಟಿಹಾಕಿ, ಇಲ್ಲದಿದ್ದರೆ ಎಲ್‌ಇಡಿ ದೀಪದಡಿ ಗೋಡೆಯ ಮೇಲೆ ಪಟ್ಟೆಗಳು ಹರಿದಾಡುತ್ತವೆ. ವೈಟ್ ಬ್ಯಾಲೆನ್ಸನ್ನೂ ಕೋಣೆಗೊಮ್ಮೆ ಲಾಕ್ ಮಾಡಿ. ಆಟೊ ಬಿಟ್ಟರೆ ಪ್ಯಾನಿನ ನಡುವೆಯೇ ಬಿಳಿ ಗೋಡೆ ಹಳದಿಯಾಗಿ ಮತ್ತೆ ನೀಲಿಯಾಗುತ್ತದೆ.

ಯೂಟ್ಯೂಬಿನ ವಿವರಣೆಯಲ್ಲಿ ಹಾಕುವ ಅಧ್ಯಾಯಗಳು ಹೀಗೆ. ಮೊದಲನೆಯದು 0:00ರಿಂದಲೇ ಶುರುವಾಗಬೇಕು, ಕನಿಷ್ಠ ಮೂರಿರಬೇಕು, ಒಂದೊಂದೂ ಹತ್ತು ಸೆಕೆಂಡಿಗಿಂತ ಕಡಿಮೆ ಇರಬಾರದು. ಅದಕ್ಕೇ ಮೆಟ್ಟಿಲನ್ನು ಲೌಂಜಿಗೆ ಸೇರಿಸಿದೆ.

```
0:00 ಮನೆ, ಬೆಲೆ
0:14 ರಸ್ತೆ, ಪಾರ್ಕಿಂಗ್
0:40 ಹಾಲ್, ದೇವರ ಮನೆ
1:15 ಅಡುಗೆಮನೆ, ಯುಟಿಲಿಟಿ
2:00 ಹಿರಿಯರ ರೂಮು
2:22 ಮೆಟ್ಟಿಲು, ಲೌಂಜ್
2:45 ಮಾಸ್ಟರ್ ಬೆಡ್‌ರೂಮ್
3:20 ಮಕ್ಕಳ ರೂಮು, ಬಾಲ್ಕನಿ
3:48 ತಾರಸಿ
```

ಅಧ್ಯಾಯ ಹಾಕಿದರೆ ಜನ ಹಾರಿಸಿಕೊಂಡು ಹೋಗುತ್ತಾರೆ ಎಂಬ ಭಯ ಬೇಡ. ಅಡುಗೆಮನೆ ನೋಡಲು ಬಂದವರು ಅಲ್ಲಿಗೆ ಹಾರುತ್ತಾರೆ, ನೋಡುತ್ತಾರೆ. ಅಧ್ಯಾಯ ಇಲ್ಲದಿದ್ದರೆ ಅವರು ಹೋಗುತ್ತಿದ್ದುದು ಬೇರೆ ವಿಡಿಯೊಗೆ.

ಗ್ರಾಫ್ ಓದುವುದು

ಯೂಟ್ಯೂಬ್ ಸ್ಟುಡಿಯೊದಲ್ಲಿ ಜನ ಎಲ್ಲಿಯವರೆಗೆ ನೋಡಿದರು ಎಂಬ ಗೆರೆ ಸಿಗುತ್ತದೆ. ನಿಧಾನ ಇಳಿಜಾರು ಸಹಜ, ಅದನ್ನು ಬಿಡಿ. ಗೆರೆ ತಟ್ಟನೆ ಕುಸಿದ ಕಡೆ ಆ ಸೆಕೆಂಡನ್ನಲ್ಲ, ಅದಕ್ಕೂ ಐದಾರು ಸೆಕೆಂಡು ಹಿಂದಿನದನ್ನು ನೋಡಿ. ಬೇಸರ ಅಲ್ಲಿ ಹುಟ್ಟಿ ಇಲ್ಲಿ ಕಂಡಿದೆ. ಕುಸಿತ ಕೋಣೆಯ ನಡುವೆ ಇದ್ದರೆ ಆ ಕೋಣೆ ಉದ್ದವಾಯಿತು. ಕೋಣೆ ಬದಲಾದ ಜಾಗದಲ್ಲೇ ಇದ್ದರೆ ದಾರ ಕಡಿದಿದೆ, ಹಿಂದಿನ ಶಾಟ್ ಯಾವುದರ ಮೇಲೆ ಮುಗಿದಿದೆ ಎಂದು ಹಾಳೆ ತೆಗೆದು ನೋಡಿ. ಗೆರೆ ಮೇಲೆದ್ದಿದ್ದರೆ ಅದು ಯಾವಾಗಲೂ ಮೆಚ್ಚುಗೆಯಲ್ಲ. ಪರದೆಯ ಮೇಲಿನ ಅಕ್ಷರ ಓದಿ ಮುಗಿಯುವ ಮೊದಲೇ ಮಾಯವಾಗಿ ಜನ ಹಿಂದಕ್ಕೆ ಸರಿಸಿರಬಹುದು. ಅಕ್ಷರವನ್ನು ನಿಮ್ಮಷ್ಟಕ್ಕೆ ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು ಇಟ್ಟರೆ ಆ ಗೂಟ ಕರಗುತ್ತದೆ.

ಈ ಸರದಿ ಒಂದೇ ಕುಟುಂಬ ಇರುವ ಮನೆಗೆ. ಬಾಡಿಗೆ ಪೋರ್ಷನ್‌ಗಳಿರುವ ಕಟ್ಟಡಕ್ಕೆ ಇದು ಹೊಂದುವುದಿಲ್ಲ. ಅಲ್ಲಿ ಕೊಳ್ಳುವವರ ಮೊದಲ ಪ್ರಶ್ನೆಯೇ ಬಾಡಿಗೆ ಎಷ್ಟು ಬರುತ್ತದೆ ಎಂಬುದು, ಆದ್ದರಿಂದ ಅದು ಮೊದಲ 14 ಸೆಕೆಂಡಿನ ಅಕ್ಷರಕ್ಕೆ ಏರುತ್ತದೆ. ಮಾಲೀಕರ ಪೋರ್ಷನ್ ಪೂರ್ತಿ ತೋರಿಸಿ, ಬಾಡಿಗೆಯವುಗಳಲ್ಲಿ ಒಂದನ್ನು ಮಾತ್ರ 25 ಸೆಕೆಂಡಿನಲ್ಲಿ ಮುಗಿಸಿ, "ಉಳಿದವೂ ಇದೇ ಅಳತೆ" ಎಂದು ಬರೆಯಿರಿ. ಸಾಮಾನಿಲ್ಲದ ಹೊಸ ಮನೆಯಲ್ಲಿ ಇನ್ನೊಂದು ಕಷ್ಟವಿದೆ. ಮೂರು ಬಿಳಿ ಕೋಣೆಗಳೂ ಒಂದೇ ಥರ ಕಾಣುತ್ತವೆ. ಅಲ್ಲಿ ಪ್ರತಿ ಬೆಡ್‌ರೂಮಿನ ಅಗಲ ಶಾಟನ್ನೂ ಬೇರೆ ಬೇರೆ ಮೂಲೆಯಿಂದ, ಕಿಟಕಿ ಒಂದರಲ್ಲಿ ಎಡಕ್ಕೆ ಇನ್ನೊಂದರಲ್ಲಿ ಬಲಕ್ಕೆ ಬರುವಂತೆ ತೆಗೆಯಿರಿ, ಕೋಣೆಯ ಅಳತೆಯನ್ನು ಅಡಿಯಲ್ಲಿ ನೆಲದ ಮೇಲೆ ಬರುವಂತೆ ಹಾಕಿ, ಒಂದರಲ್ಲಾದರೂ ಯಾರಾದರೂ ಕಿಟಕಿಯ ಹತ್ತಿರ ನಡೆದು ಹೋಗಲಿ. ಆಳು ಕಂಡ ಮೇಲೆಯೇ ಕೋಣೆಯ ಗಾತ್ರ ಕಣ್ಣಿಗೆ ಹಿಡಿಯುವುದು.